ಅರ್ಧ ಎಂಬ ಗುಣಾಂಕದ ಕಥೆ: ಸೊಲ್ಲಾಪುರದ ಚಿಮಣಿಗಳ ಮೇಲೆ ಗಾಳಿಯ ಬಲ

ಇವತ್ತಿನ ವಿಷಯಕ್ಕೆ ಇಟ್ಟ ಹೆಸರು ಸ್ವಲ್ಪ ದೊಡ್ಡದಾಯ್ತು. ನಾನು ಹೇಳಬೇಕೆಂದಿರುವುದು ಒಂದೇ ಒಂದು ಸಂಖ್ಯೆಯ ಇತಿಹಾಸ. ಆದರೆ ಅದಕ್ಕೆ ಮೊದಲು ಒಂದು ಮಧ್ಯಾಹ್ನದ ಸಂಗತಿ ಹೇಳಿಬಿಡ್ತೀನಿ.

2023ರ ಜೂನ್ 15ರಂದು ಸೊಲ್ಲಾಪುರದ ಹೊಟಗಿ ರಸ್ತೆಯ ಕಡೆ, ಕುಮಠೆ ಹತ್ತಿರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಸಹವಿದ್ಯುತ್ ಘಟಕದ ಚಿಮಣಿಯನ್ನು ಸ್ಫೋಟಕ ಇಟ್ಟು ಕೆಡವಿದರು. ಎತ್ತರ 92 ಮೀಟರ್. ಪಕ್ಕದ ವಿಮಾನ ನಿಲ್ದಾಣಕ್ಕೆ ಅದು ಅಡ್ಡ ಅನ್ನುವುದು ಒಂದು ವಾದ, ಸಾವಿರಾರು ಕಬ್ಬು ಬೆಳೆಗಾರರ ಕಾರಖಾನೆಯ ಹೊಟ್ಟೆಗೆ ಒದೆಯುವುದು ಅನ್ನುವುದು ಇನ್ನೊಂದು ವಾದ. ವರ್ಷಗಟ್ಟಲೆ ನಡೆದ ಜಗಳ ಅದು. ನಾನು ಆ ಜಗಳಕ್ಕೆ ಹೋಗುವುದಿಲ್ಲ. ನಮ್ಮ ಮನೆ ಅಕ್ಕಲಕೋಟ ತಾಲೂಕಿನಲ್ಲಿ, ಕಬ್ಬಿನವರದೇ ಮನೆ. ಹಾಗಾಗಿ ನಾನು ತಟಸ್ಥ ಅಂತ ಹೇಳಿದರೆ ನೀವೂ ನಂಬುವುದಿಲ್ಲ. ಅಂದು ನಮ್ಮ ಕಾಕಾ ಫೋನಿನಲ್ಲಿ ಆ ವಿಡಿಯೋವನ್ನು ಐದಾರು ಸಲ ನೋಡಿ ನನ್ನನ್ನು ಕೇಳಿದ್ದು ಇಷ್ಟು: "ಏನಲೇ ಇಂಜಿನಿಯರ, ನಿಂತಷ್ಟು ದಿನ ಯಾವ ಗಾಳಿಗೂ ಜಗ್ಗಲಿಲ್ಲ. ಗಾಳಿ ಅದನ್ನ ಎಷ್ಟು ಜೋರಾಗಿ ನೂಕ್ತಿತ್ತು, ಹೇಳು ನೋಡೋಣ?"

ನನಗೆ ಆಗ ಹೇಳಲಿಕ್ಕೆ ಬರಲಿಲ್ಲ. ಸೂತ್ರ ಗೊತ್ತಿತ್ತು. ಸೂತ್ರ ಎಲ್ಲರಿಗೂ ಗೊತ್ತು:

F = Cd × A × q,  q = ½ρV²

ಬಲ ಅಂದ್ರೆ ಡ್ರ್ಯಾಗ್ ಗುಣಾಂಕ, ಗಾಳಿಗೆ ಎದುರಾದ ವಿಸ್ತೀರ್ಣ, ಚಲನ ಒತ್ತಡ ಈ ಮೂರರ ಗುಣಲಬ್ಧ. ಹತ್ತನೇ ಇಯತ್ತೆಯ ಹುಡುಗನೂ ಗುಣಿಸಬಲ್ಲ. ಆದರೆ ಮೂರರಲ್ಲಿ ಒಂದೊಂದನ್ನೂ ಎಲ್ಲಿಂದ ತರಬೇಕು ಅನ್ನುವಲ್ಲಿ ಇನ್ನೂರೈವತ್ತು ವರ್ಷದ ಇತಿಹಾಸ ಇದೆ, ಮತ್ತು ಆ ಇತಿಹಾಸ ಗೊತ್ತಿಲ್ಲದೆ ನಾನು ಒಂದು ತಪ್ಪು ಮಾಡಿದೆ. ಆ ತಪ್ಪಿನ ಬಗ್ಗೆಯೇ ಈ ಪ್ರಬಂಧ.

ಮೊದಲು ಕಾಕಾನ ಪ್ರಶ್ನೆಗೆ ಉತ್ತರ ಹೇಳ್ತೀನಿ. ಎತ್ತರ 92 ಮೀಟರ್ ಅನ್ನುವುದು ಎಲ್ಲರಿಗೂ ಗೊತ್ತಿರುವ ಅಳತೆ. ಹೊರವ್ಯಾಸ ಬುಡದಲ್ಲಿ 8 ಮೀಟರ್, ತುದಿಯಲ್ಲಿ 4 ಮೀಟರ್ ಅಂತ ನಾನು ಲೆಕ್ಕಕ್ಕಾಗಿ ಹಿಡಿದಿದ್ದೇನೆ. ಇಂಥ ಎತ್ತರದ ಕಾಂಕ್ರೀಟ್ ಚಿಮಣಿಗೆ ಒಪ್ಪುವ ಅಳತೆ ಅಷ್ಟೇ, ಆ ಚಿಮಣಿಯ ನಕ್ಷೆಯಿಂದ ಎತ್ತಿದ್ದಲ್ಲ. ಗಾಳಿಗೆ ಕಾಣುವುದು ಚಿಮಣಿಯ ಸುತ್ತಳತೆಯಲ್ಲ, ಅದರ ನೆರಳು. ಸಂಜೆಯ ಬಿಸಿಲು ಅಡ್ಡ ಬಿದ್ದಾಗ ಹಿಂದಿನ ಗೋಡೆ ಮೇಲೆ ಬೀಳುವ ನೆರಳಿನ ಆಕಾರ ಏನಿರುತ್ತೋ ಅದೇ A. ಇಲ್ಲಿ ಅದೊಂದು ಮೇಲಕ್ಕೆ ಕಿರಿದಾಗುವ ಪಟ್ಟಿ. ಸರಾಸರಿ ಅಗಲ 6 ಮೀಟರ್, ಎತ್ತರ 92, ಒಟ್ಟು 552 ಚದರ ಮೀಟರ್. ಕೆಲವರು ಇಲ್ಲಿ ಅರ್ಧ ಸುತ್ತಳತೆಯನ್ನು ಹಿಡಿದು ಗುಣಿಸುತ್ತಾರೆ. ಗಾಳಿ ತಾಗುವುದು ಅರ್ಧ ಮೈಗೆ ತಾನೇ ಅನ್ನುವ ತರ್ಕ. ಹಾಗೆ ಮಾಡಿದರೆ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮೈಯ ದುಂಡಗಿನ ಪರಿಣಾಮ ಆಗಲೇ ಗುಣಾಂಕದೊಳಗೆ ಸೇರಿರುವುದರಿಂದ ಅದನ್ನು ವಿಸ್ತೀರ್ಣದಲ್ಲಿ ಮತ್ತೆ ತರಬಾರದು.

ಇನ್ನು ಗಾಳಿಯ ವೇಗ. ಭಾರತೀಯ ಮಾನಕ IS 875ರ ಮೂರನೇ ಭಾಗದ ನಕ್ಷೆಯಲ್ಲಿ ನಮ್ಮ ಭಾಗ ಸೆಕೆಂಡಿಗೆ 39 ಮೀಟರ್ ವಲಯದಲ್ಲಿ ಬರುತ್ತದೆ. ಗಂಟೆಗೆ 140 ಕಿಲೋಮೀಟರ್. ಇದು ದಿನನಿತ್ಯದ ಗಾಳಿಯಲ್ಲ. ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಮೂರು ಸೆಕೆಂಡಿನ ಒಂದು ಬೀಸು, ಐವತ್ತು ವರ್ಷದ ಮರುಕಳಿಕೆಯ ಅವಧಿಗೆ ಲೆಕ್ಕ ಹಾಕಿದ್ದು. ನಮ್ಮಲ್ಲಿ ಇಂಥ ಬೀಸು ಬರುವುದಾದರೆ ಮುಂಗಾರಿನಲ್ಲಲ್ಲ, ಅದಕ್ಕೆ ಮುಂಚೆ, ಮೇ ತಿಂಗಳ ಮಧ್ಯಾಹ್ನದ ಗುಡುಗಿನ ಮಳೆಯ ಮುಂದೆ ಧೂಳೆಬ್ಬಿಸಿಕೊಂಡು ಬರುವ ಗಾಳಿಯಲ್ಲಿ. ತಗಡಿನ ಛಾವಣಿ ಹಾರಿ ಪಕ್ಕದ ಹೊಲಕ್ಕೆ ಬೀಳುವುದು ಆಗಲೇ.

ಎತ್ತರಕ್ಕೆ ಹೋದಂತೆ ಗಾಳಿ ಜೋರಾಗುತ್ತದೆ, ನೆಲದ ಗಿಡಗಂಟೆ ಮನೆಮಠಗಳ ತಡೆ ಅಲ್ಲಿ ಇರುವುದಿಲ್ಲ. ಬಯಲು ಪ್ರದೇಶಕ್ಕೆ ಮಾನಕ ಕೊಡುವ ಗುಣಕ 10 ಮೀಟರಿನಲ್ಲಿ 1, 50 ಮೀಟರಿನಲ್ಲಿ 1.17, 100 ಮೀಟರಿನಲ್ಲಿ 1.24. ವೇಗ ವರ್ಗವಾಗುವುದರಿಂದ ಒತ್ತಡ ಇನ್ನೂ ಬೇಗ ಏರುತ್ತದೆ. 10 ಮೀಟರಿನಲ್ಲಿ ಚದರ ಮೀಟರಿಗೆ 913 ನ್ಯೂಟನ್ ಇದ್ದದ್ದು ಚಿಮಣಿಯ ತುದಿಯಲ್ಲಿ ಸುಮಾರು 1,380 ಆಗುತ್ತದೆ.

ಹಾಗಾಗಿ ಚಿಮಣಿಯನ್ನು ಒಂದೇ ತುಂಡಾಗಿ ಲೆಕ್ಕ ಹಾಕಬಾರದು. ನಾನು ಮೂರು ತುಂಡು ಮಾಡಿದೆ: ಬುಡದಿಂದ 30 ಮೀಟರ್, 30ರಿಂದ 60, 60ರಿಂದ 92. ಪ್ರತಿ ತುಂಡಿನ ನಡುಮಧ್ಯದ ವೇಗ ಹಿಡಿದೆ. ಗುಣಾಂಕ 0.8, ಕಾಂಕ್ರೀಟ್ ಚಿಮಣಿಗಳ ಮಾನಕ IS 4998ರ 1992ರ ಆವೃತ್ತಿಯ ಸರಳ ವಿಧಾನದಲ್ಲಿ ಕೊಟ್ಟಿರುವುದು. ಫಲ ನೋಡಿ ನನಗೆ ಆಶ್ಚರ್ಯವಾಯ್ತು. ಕೆಳಗಿನ ತುಂಡಿನ ವಿಸ್ತೀರ್ಣ 220 ಚದರ ಮೀಟರ್, ಅದರ ಮೇಲೆ ಬಲ 177 ಕಿಲೋನ್ಯೂಟನ್. ನಡುವಿನದು 181 ಚದರ ಮೀಟರ್, ಬಲ ಅದೇ 177. ಮೇಲಿನದು ಬರೀ 150 ಚದರ ಮೀಟರ್, ಆದರೂ ಬಲ 160. ಅಂದ್ರೆ ಮೇಲೆ ಹೋದಂತೆ ಚಿಮಣಿ ಸಣ್ಣದಾಗುತ್ತದೆ, ಗಾಳಿ ದೊಡ್ಡದಾಗುತ್ತದೆ, ಎರಡೂ ಹೆಚ್ಚುಕಡಿಮೆ ಸರಿದೂಗಿ ಬಲ ಮೂರು ತುಂಡಿಗೂ ಸುಮಾರು ಒಂದೇ. ಒಟ್ಟು 514 ಕಿಲೋನ್ಯೂಟನ್. ಕಾಕಾನ ಭಾಷೆಯಲ್ಲಿ 52 ಟನ್ ತೂಕದಷ್ಟು ನೂಕು, ಅಡ್ಡಕ್ಕೆ.

ಆದರೆ ಚಿಮಣಿಯನ್ನು ಮುರಿಯುವುದು ಬಲ ಒಂದೇ ಅಲ್ಲ, ಬಲ ಗುಣಿಸು ಎತ್ತರ. ಬಾವಿಯ ಮೇಲೆ ಏತ ಹಾಕಿದವರಿಗೆ ಇದು ಗೊತ್ತು. ಕೆಳಗಿನ ತುಂಡಿನ ಬಲ ಬುಡದಿಂದ 15 ಮೀಟರ್ ಮೇಲೆ ನಿಂತು ನೂಕುತ್ತದೆ, ಮೇಲಿನದು 76 ಮೀಟರ್ ಮೇಲಿಂದ. ಬುಡದ ಹತ್ತಿರದ ಒಟ್ಟು ಮೊಮೆಂಟ್ ಸುಮಾರು 22,800 ಕಿಲೋನ್ಯೂಟನ್-ಮೀಟರ್ ಬಂತು. ಅದರಲ್ಲಿ 12,000ಕ್ಕೂ ಹೆಚ್ಚು ಮೇಲಿನ ಮೂರನೇ ಒಂದು ಭಾಗದಿಂದಲೇ ಬರುತ್ತದೆ. ಚಿಮಣಿಯ ತುದಿಯ ವ್ಯಾಸವನ್ನು ಒಂದಿಷ್ಟು ಹೆಚ್ಚಿಸಿದರೂ ಬುಡದ ಕಬ್ಬಿಣ ಎಷ್ಟು ಹೆಚ್ಚಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಇಷ್ಟು ಲೆಕ್ಕ ಸರಿ. ಆದರೆ ನಾನು ಮೊದಲ ಸಲ ಹಾಕಿದಾಗ 514 ಬರಲಿಲ್ಲ, 321 ಬಂತು. ಯಾಕಂದ್ರೆ ಮೊದಲ ಸಲ ನಾನು ಹಿಡಿದದ್ದು 0.8 ಅಲ್ಲ, 0.5.

ಆ 0.5 ಎಲ್ಲಿಂದ ಬಂತು? ನನ್ನ ಕೈಯಲ್ಲಿ ಒಂದು ಹಳೆಯ ಕೈಪಿಡಿ ಇತ್ತು, ಮಿಲ್ಲಿನಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರ ಮನೆಯ ಟ್ರಂಕಿನಿಂದ ಬಂದದ್ದು. ಸೊಲ್ಲಾಪುರದಲ್ಲಿ ಅಂಥ ಟ್ರಂಕುಗಳಿಗೆ ಬರವಿಲ್ಲ. 1877ರಲ್ಲಿ ಜುನೀ ಮಿಲ್ ಶುರುವಾದ ಮೇಲೆ ಒಂದರ ಹಿಂದೆ ಒಂದು ಗಿರಣಿ ಬಂದವು. ಒಂದೊಂದಕ್ಕೂ ಬಾಯ್ಲರು, ಒಂದೊಂದಕ್ಕೂ ಇಟ್ಟಿಗೆಯ ಚಿಮಣಿ. ನಮ್ಮ ಕನ್ನಡದ ಮನೆಗಳಲ್ಲಿ ಚಿಮಣಿ ಅಂದ್ರೆ ಸೀಮೆಎಣ್ಣೆಯ ಬುಡ್ಡಿ. ಈ ಊರಿಗೆ ಬಂದ ನೇಕಾರರ ಮಕ್ಕಳಿಗೆ ಅದೇ ಮಾತು ಆಕಾಶದಷ್ಟೆತ್ತರದ ಇನ್ನೊಂದು ವಸ್ತುವಿಗೂ ಹೆಸರಾಯ್ತು. ಇರಲಿ. ಆ ಕೈಪಿಡಿಯಲ್ಲಿ ಒಂದು ಸಾಲಿನ ನಿಯಮ ಇತ್ತು: ದುಂಡು ಚಿಮಣಿಯ ಮೇಲಿನ ಗಾಳಿಯ ಒತ್ತಡ, ಅದೇ ಅಗಲದ ಚಪ್ಪಟೆ ಮೈ ಮೇಲಿನದರ ಅರ್ಧ. ನಾನು ಅದನ್ನೇ ಡ್ರ್ಯಾಗ್ ಗುಣಾಂಕ 0.5 ಅಂತ ಓದಿಕೊಂಡೆ.

ಈ ನಿಯಮದ ಮೂಲ ಗ್ಲ್ಯಾಸ್ಗೋದ ಪ್ರೊಫೆಸರ್ ರ್‍ಯಾಂಕಿನ್. ಹಬೆಯಂತ್ರದ ಪಾಠದಲ್ಲಿ ನಾವೆಲ್ಲ ಅವರ ಹೆಸರು ಕೇಳಿದ್ದೇವೆ. 1858ರ ಅನ್ವಯಿಕ ಯಂತ್ರಶಾಸ್ತ್ರದ ಪುಸ್ತಕದಲ್ಲಿ ಚಿಮಣಿಗಳ ಸ್ಥಿರತೆಯನ್ನು ಅವರು ವಿಚಾರಿಸಿದ್ದಾರೆ. ಅವರ ಊರಿನಲ್ಲೇ, ಪೋರ್ಟ್ ಡುಂಡಾಸಿನಲ್ಲಿ, ಟೌನ್‌ಸೆಂಡ್ ಕಾರಖಾನೆಯ 454 ಅಡಿ ಎತ್ತರದ ಚಿಮಣಿ ಆಗ ಏಳುತ್ತಿತ್ತು. 1859ರಲ್ಲಿ ಗಾರೆ ಇನ್ನೂ ಹಸಿ ಇರುವಾಗಲೇ ಬಿರುಗಾಳಿಗೆ ಸಿಕ್ಕಿ ಅದು ವಾಲಿತು. ಗಾಳಿ ಬಂದ ಬದಿಯ ಗಾರೆಯ ಸಂದುಗಳನ್ನು ಗರಗಸದಿಂದ ಕೊಯ್ದು, ಮೇಲಿನ ಭಾರವೇ ಆ ಸಂದುಗಳನ್ನು ಮುಚ್ಚುವಂತೆ ಮಾಡಿ ಅದನ್ನು ಮತ್ತೆ ನೆಟ್ಟಗೆ ಮಾಡಿದರು. ಆ ಕಾಲದವರಿಗೆ ಗಾಳಿಯ ಬಲ ಪುಸ್ತಕದ ವಿಷಯವಾಗಿರಲಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ರ್‍ಯಾಂಕಿನ್ ಕೊಟ್ಟದ್ದು ಎರಡು ಸಂಖ್ಯೆ, ಒಂದಲ್ಲ. ಬ್ರಿಟನ್ನಿನಲ್ಲಿ ಚಪ್ಪಟೆ ಮೈ ಮೇಲೆ ಕಂಡ ಅತಿ ಹೆಚ್ಚಿನ ಒತ್ತಡ ಚದರ ಅಡಿಗೆ 55 ಪೌಂಡು. ದುಂಡು ಚಿಮಣಿಗೆ ಅದರ ಅರ್ಧ. ಇವೆರಡೂ ಜೋಡೆತ್ತು. ಒಂದನ್ನು ಬಿಚ್ಚಿ ಇನ್ನೊಂದು ಗಾಡಿಗೆ ಕಟ್ಟಲಿಕ್ಕೆ ಬರುವುದಿಲ್ಲ. ಯಾಕೆ ಅಂತ ನೋಡೋಣ.

ರ್‍ಯಾಂಕಿನ್ನಿಗಿಂತ ನೂರು ವರ್ಷ ಹಿಂದೆ, 1759ರಲ್ಲಿ, ಜಾನ್ ಸ್ಮೀಟನ್ ಗಾಳಿಯಂತ್ರಗಳ ಬಗ್ಗೆ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಒಂದು ಪಟ್ಟಿ ಕೊಟ್ಟರು. ಪಟ್ಟಿ ಅವರ ಗೆಳೆಯ ರೌಸ್ ಎಂಬವರದು. ಗಾಳಿಯ ವೇಗ ಗಂಟೆಗೆ ಇಷ್ಟು ಮೈಲಿ ಇದ್ದರೆ ಚದರ ಅಡಿಗೆ ಇಷ್ಟು ಪೌಂಡು ಒತ್ತಡ. ಅದರ ಸಾರ:

P = 0.005 V²

ಈ 0.005 ಒಂದೂವರೆ ಶತಮಾನ ಇಂಜಿನಿಯರಿಂಗ್ ಪುಸ್ತಕಗಳನ್ನು ಆಳಿತು. ಅದು ತಪ್ಪು ಅಂತ ನಿಕಾಲಿಯಾಗಿ ತೋರಿಸಿದವರಲ್ಲಿ ರೈಟ್ ಸೋದರರೂ ಇದ್ದಾರೆ. ಅವರ ಗ್ಲೈಡರು ಲೆಕ್ಕದಷ್ಟು ಮೇಲೇಳದೆ ಹೋದಾಗ, 1901ರಲ್ಲಿ, ಅವರು ಹಿಂದಕ್ಕೆ ಹೋಗಿ ಹುಡುಕಿ ಸುಮಾರು 0.0033 ಅಂತ ಕಂಡುಕೊಂಡರು. ಇವತ್ತಿನ ಲೆಕ್ಕದಲ್ಲಿ ಅದೇ ಅಳತೆಯಲ್ಲಿ ಶುದ್ಧ ಚಲನ ಒತ್ತಡ ½ρV² ಅಂದ್ರೆ ಸುಮಾರು 0.00256 V². ಚಪ್ಪಟೆ ಹಲಗೆಯ ಗುಣಾಂಕ 1.2ರ ಆಸುಪಾಸು ಇರುವುದರಿಂದ ಹಲಗೆ ಮೇಲಿನ ಒತ್ತಡ 0.0031 V². ಅಂದ್ರೆ ಸ್ಮೀಟನ್ ಪಟ್ಟಿ ಹೇಳುವ ಒತ್ತಡ ಶುದ್ಧ ಚಲನ ಒತ್ತಡದ ಹತ್ತಿರ ಹತ್ತಿರ ಎರಡು ಪಟ್ಟು.

ಈಗ ರ್‍ಯಾಂಕಿನ್ನಿನ 55 ಪೌಂಡನ್ನು ಸ್ಮೀಟನ್ ಪಟ್ಟಿಯಲ್ಲಿ ಹಿಂದಕ್ಕೆ ಓದಿದರೆ ವೇಗ ಗಂಟೆಗೆ 105 ಮೈಲಿ ಬರುತ್ತದೆ. ಸೆಕೆಂಡಿಗೆ 47 ಮೀಟರ್. ಆ ವೇಗಕ್ಕೆ ನಮ್ಮ ಸೂತ್ರದಿಂದ ಚಲನ ಒತ್ತಡ ಎಷ್ಟು? ಚದರ ಮೀಟರಿಗೆ ಸುಮಾರು 1,320 ನ್ಯೂಟನ್. ರ್‍ಯಾಂಕಿನ್ ದುಂಡು ಚಿಮಣಿಗೆ ಹಾಕಿದ ಅರ್ಧ, ಅಂದ್ರೆ 27.5 ಪೌಂಡು, ನಮ್ಮ ಅಳತೆಯಲ್ಲಿ ಎಷ್ಟು? 1,317 ನ್ಯೂಟನ್. ಇದನ್ನು ಮೊದಲು ನೋಡಿದಾಗ ನಾನು ಕ್ಯಾಲ್ಕುಲೇಟರನ್ನು ಅನುಮಾನಿಸಿದೆ. ಅವರ 'ಅರ್ಧ' ನಮ್ಮ ಭಾಷೆಗೆ ತಂದರೆ ಡ್ರ್ಯಾಗ್ ಗುಣಾಂಕ 0.5 ಅಲ್ಲವೇ ಅಲ್ಲ, ಸುಮಾರು 1! ಸ್ಮೀಟನ್‌ನ ದೊಡ್ಡ ಒತ್ತಡವೂ ರ್‍ಯಾಂಕಿನ್ನಿನ ಸಣ್ಣ ಗುಣಾಂಕವೂ ಒಂದನ್ನೊಂದು ತಿದ್ದುತ್ತಿದ್ದವು. ನಾನು ಮಾಡಿದ್ದೇನೆಂದರೆ ಅವರ ಸಣ್ಣ ಗುಣಾಂಕವನ್ನು ತೆಗೆದುಕೊಂಡು ನಮ್ಮ ಸಣ್ಣ ಒತ್ತಡಕ್ಕೆ ಗುಣಿಸಿದೆ. ಎರಡೂ ಕಡೆಯ ರಿಯಾಯತಿ ಒಟ್ಟಿಗೆ ಪಡೆದಂತಾಯ್ತು.

ಕಾಗದದ ಮೇಲಿನ ತಪ್ಪು, ಏನಾಯ್ತೀಗ ಅನ್ನಬಹುದು. ಸಿದ್ಧೇಶ್ವರದ ಚಿಮಣಿ ಹೇಗೂ ಬಿದ್ದುಹೋಗಿತ್ತು. ಆದರೆ ನಾನು ಮತ್ತು ನನ್ನ ಇಬ್ಬರು ಗೆಳೆಯರು ಅದೇ 0.5 ಹಿಡಿದು ಇನ್ನೊಂದು ಲೆಕ್ಕ ಮಾಡಿದ್ದೆವು, ಅದು ನಿಂತಿರುವ ಚಿಮಣಿ. ಯಾವುದು, ಯಾರದು ಅಂತ ಹೇಳುವುದಿಲ್ಲ. ಮುಚ್ಚಿದ ಕಟ್ಟಡದ ಅಂಗಳದಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯದ್ದು, 36 ಮೀಟರ್ ಎತ್ತರ, ಅದರ ಬುಡದಿಂದ ಇಪ್ಪತ್ತು ಹೆಜ್ಜೆಯಲ್ಲಿ ಜನ ಬಟ್ಟೆ ಒಣಹಾಕುತ್ತಾರೆ. ಗಟ್ಟಿ ಇದೆಯಾ ನೋಡಿ ಹೇಳ್ರಿ ಅಂತ ಅಲ್ಲಿನ ಒಬ್ಬ ಅಜ್ಜಿ ನಮ್ಮನ್ನು ಕೇಳಿದ್ದಳು. ನಾವು ಹುಡುಗರು, ನಮ್ಮ ಮಾತಿಗೆ ಕಾನೂನಿನ ಬೆಲೆ ಇಲ್ಲ. ಆದರೆ ಅಜ್ಜಿ ನಂಬಿದ್ದಳು.

ಇಟ್ಟಿಗೆ ಚಿಮಣಿಯ ಲೆಕ್ಕ ಕಾಂಕ್ರೀಟಿನದಕ್ಕಿಂತ ಬೇರೆ. ಕಾಂಕ್ರೀಟಿನಲ್ಲಿ ಎಳೆತವನ್ನು ಕಬ್ಬಿಣ ತಡೆಯುತ್ತದೆ. ಸುಣ್ಣದ ಗಾರೆಗೆ ಎಳೆತ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅಂತ ಹಿಡಿಯಬೇಕು. ಅದನ್ನು ನಿಲ್ಲಿಸುವುದು ಅದರ ತೂಕ ಮಾತ್ರ. ಗಾಳಿ ಅಡ್ಡಕ್ಕೆ ನೂಕಿದಾಗ, ತೂಕ ಮತ್ತು ನೂಕು ಸೇರಿದ ಬಲದ ರೇಖೆ ಬುಡದ ಮಧ್ಯದಿಂದ ಗಾಳಿ ಹೋಗುವ ಕಡೆಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅನ್ನುವುದು ಮೊಮೆಂಟನ್ನು ತೂಕದಿಂದ ಭಾಗಿಸಿದಷ್ಟು. ಒಂದು ಮಿತಿಯೊಳಗೆ ಸರಿದರೆ ಬುಡದ ಇಟ್ಟಿಗೆಯೆಲ್ಲ ಒತ್ತಿಕೊಂಡೇ ಇರುತ್ತದೆ. ಮಿತಿ ದಾಟಿದರೆ ಗಾಳಿ ಬಂದ ಬದಿಯಲ್ಲಿ ಸಂದು ಬಾಯಿ ಬಿಡುತ್ತದೆ. ಟೊಳ್ಳು ದುಂಡಿಗೆ ಆ ಮಿತಿ ಹೀಗೆ, D ಹೊರವ್ಯಾಸ, d ಒಳವ್ಯಾಸ:

e = (D² + d²) / 8D

ನಾವು ಅಳೆದದ್ದು: ಬುಡದಲ್ಲಿ ಹೊರವ್ಯಾಸ 3.6 ಮೀಟರ್, ಗೋಡೆಯ ದಪ್ಪ 60 ಸೆಂಟಿಮೀಟರ್. ಮಿತಿ 65 ಸೆಂಟಿಮೀಟರ್. ತುದಿಯ ವ್ಯಾಸ 2.2 ಮೀಟರ್ ಅಂದಾಜು, ಗೋಡೆಯ ಸರಾಸರಿ ದಪ್ಪ 40 ಸೆಂಟಿಮೀಟರ್ ಅಂದಾಜು. ಅದರಿಂದ ಒಟ್ಟು ತೂಕ ಸುಮಾರು 2,150 ಕಿಲೋನ್ಯೂಟನ್. ಗಾಳಿಗೆ ಎದುರಾದ ವಿಸ್ತೀರ್ಣ 104 ಚದರ ಮೀಟರ್, ಸರಾಸರಿ ಚಲನ ಒತ್ತಡ ಸುಮಾರು 1,045 ನ್ಯೂಟನ್, ಬಲ ನಿಲ್ಲುವ ಎತ್ತರ ಬುಡದಿಂದ 17 ಮೀಟರ್.

ನಮ್ಮ 0.5 ಹಿಡಿದರೆ ಬಲ 54 ಕಿಲೋನ್ಯೂಟನ್, ರೇಖೆ ಸರಿಯುವುದು 43 ಸೆಂಟಿಮೀಟರ್. ಮಿತಿಯೊಳಗೆ, ಆರಾಮಾಗಿ. ನಾವು ಅಜ್ಜಿಗೆ "ಏನೂ ಆಗೂದಿಲ್ಲ ಆಯಿ" ಅಂತ ಹೇಳಿ ಚಹಾ ಕುಡಿದು ಬಂದೆವು.

0.8 ಹಿಡಿದರೆ ಬಲ 87, ರೇಖೆ ಸರಿಯುವುದು 69 ಸೆಂಟಿಮೀಟರ್. ಮಿತಿ ದಾಟಿತು.

ರ್‍ಯಾಂಕಿನ್ನಿನ ಎರಡೂ ಸಂಖ್ಯೆಗಳನ್ನು ಜೋಡಿಯಾಗಿಯೇ ಹಿಡಿದಿದ್ದರೆ ಬಲ 137 ಬರುತ್ತಿತ್ತು. ಅಂದ್ರೆ ಹಳೆಯ ಕೈಪಿಡಿ ನಮ್ಮನ್ನು ಮೋಸ ಮಾಡಲಿಲ್ಲ, ಅದು ನಮಗಿಂತ ಹೆಚ್ಚು ಭಯಪಟ್ಟಿತ್ತು. ಅರ್ಧ ಪುಟ ಓದಿದವರು ನಾವು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಮಿತಿ ದಾಟುವುದು ಅಂದ್ರೆ ಬೀಳುವುದು ಅಲ್ಲ. ಬಲದ ರೇಖೆ ಬುಡದ ಹೊರ ಅಂಚಿಗೆ, ಅಂದ್ರೆ ಮಧ್ಯದಿಂದ 1.8 ಮೀಟರ್ ಹತ್ತಿರಕ್ಕೆ ಹೋದರೆ ಮಾತ್ರ ಮಗುಚುವ ಮಾತು, ಮತ್ತು ಅದಕ್ಕೂ ಮುಂಚೆ ಆ ಅಂಚಿನ ಇಟ್ಟಿಗೆ ಪುಡಿಯಾಗುತ್ತದೆ. 69 ಸೆಂಟಿಮೀಟರಿನಲ್ಲಿ ಆಗುವುದು ಇಷ್ಟು: ಬೀಸು ಬಂದಾಗ ಗಾಳಿ ಬದಿಯ ಸಂದು ಕೂದಲೆಳೆಯಷ್ಟು ತೆರೆದು, ಬೀಸು ಹೋದಾಗ ಮುಚ್ಚುತ್ತದೆ. ತೆರೆದಾಗ ಒಳಗೆ ನೀರು ಹೋಗುತ್ತದೆ, ಸುಣ್ಣ ತೊಳೆದು ಹೋಗುತ್ತದೆ. ಮುಂದಿನ ಬೀಸಿಗೆ ಆ ಸಂದಿನಲ್ಲಿ ಗೋಡೆಯ ದಪ್ಪ ಸ್ವಲ್ಪ ಕಮ್ಮಿ. ತೂಕ ಅಷ್ಟೇ, ಮಿತಿ ಬದಲು. ಹಾಗಾಗಿ ಎರಡನೇ ಸಲ ಹೋದಾಗ ನಾವು ಬುಡದ ಅಳತೆಗಿಂತ ಸಂದುಗಳನ್ನು ನೋಡಿದೆವು. ಲಂಬ ಬಿರುಕುಗಳು ಬೇಕಾದಷ್ಟಿದ್ದವು. ಅವು ಹೆಚ್ಚಾಗಿ ಒಳಗಿನ ಬಿಸಿಯಿಂದ ಬಂದವು, ಗಾಳಿಯ ಕೆಲಸ ಅಲ್ಲ. ಗಾಳಿಯ ಕುರುಹು ಅಡ್ಡ ಬಿರುಕು, ಸಂದಿನ ಉದ್ದಕ್ಕೆ ಓಡುವಂಥದ್ದು, ಚಿಮಣಿಯ ಒಂದು ಬದಿಯಲ್ಲಿ ಮಾತ್ರ. ನೈಋತ್ಯದ ಬದಿಯಲ್ಲಿ, ಎದೆಯೆತ್ತರಕ್ಕಿಂತ ಸ್ವಲ್ಪ ಮೇಲೆ, ಅಂಥ ಎರಡು ಸಂದು ಸಿಕ್ಕವು. ತಂತಿ ತೂರಿಸಿದರೆ ಒಂದು ಗೇಣು ಒಳಗೆ ಹೋಯ್ತು. ಅಜ್ಜಿಗೆ ಹೋಗಿ ನಾವು ಮೊದಲು ಹೇಳಿದ್ದು ತಪ್ಪು ಅಂತ ಹೇಳಿದೆವು. ಬಟ್ಟೆಯ ಹಗ್ಗ ಆ ಕಡೆ ಗೋಡೆಗೆ ಹೋಯ್ತು. ಕಟ್ಟಡದ ಮಾಲೀಕರಿಗೆ ಬರೆದ ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.

ಮತ್ತೆ ಇತಿಹಾಸಕ್ಕೆ ಬರುತ್ತೇನೆ. ಹಾಗಾದರೆ ಈಗಿನ 0.8 ಎಲ್ಲಿಂದ ಬಂತು? 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ಸೇತುವೆ ರೈಲಿನ ಸಮೇತ ಬಿದ್ದ ಮೇಲೆ ಗಾಳಿಯನ್ನು ಅಳೆಯುವ ಕೆಲಸ ಗಂಭೀರವಾಯ್ತು. ಮುಂದೆ ಫೋರ್ತ್ ಸೇತುವೆ ಕಟ್ಟುವಾಗ ಬೆಂಜಮಿನ್ ಬೇಕರ್ ಒಂದು ದೊಡ್ಡ ಹಲಗೆ, 300 ಚದರ ಅಡಿಯದು, ಮತ್ತು ಒಂದೂವರೆ ಚದರ ಅಡಿಯ ಸಣ್ಣ ಹಲಗೆಗಳನ್ನು ಗಾಳಿಗೆ ನಿಲ್ಲಿಸಿದರು. ದೊಡ್ಡದರ ಮೇಲೆ ಚದರ ಅಡಿಗೆ ಬಿದ್ದ ಒತ್ತಡ ಸಣ್ಣದಕ್ಕಿಂತ ಸಾಕಷ್ಟು ಕಡಿಮೆ. ಬೀಸು ಒಂದು ಮುಷ್ಟಿಯಂತೆ, ದೊಡ್ಡ ಮೈಯನ್ನು ಎಲ್ಲ ಕಡೆ ಒಂದೇ ಕ್ಷಣಕ್ಕೆ ಗುದ್ದುವುದಿಲ್ಲ. 92 ಮೀಟರ್ ಉದ್ದಕ್ಕೂ ಮೂರು ಸೆಕೆಂಡಿನ ಬೀಸು ಒಟ್ಟಿಗೆ ಇರುತ್ತದೆ ಅಂತ ನಾನು ಮೇಲೆ ಹಿಡಿದದ್ದು ಈ ದೃಷ್ಟಿಯಿಂದ ಹೆಚ್ಚೇ ಆಯ್ತು. ಆದರೆ ಎತ್ತರದ ಚಿಮಣಿ ಬೀಸಿನ ತಾಳಕ್ಕೆ ತೂಗಾಡುವುದರಿಂದ ಬಲ ಇನ್ನೊಂದು ಕಡೆಯಿಂದ ಏರುತ್ತದೆ, ಅದಕ್ಕೇ ಈಗಿನ ಮಾನಕಗಳಲ್ಲಿ ಬೀಸಿನ ಬೇರೆ ಲೆಕ್ಕ ಇದೆ.

ಚಿಮಣಿಯನ್ನೇ ಅಳೆದವರು ಅಮೆರಿಕದ ಮಾನಕ ಸಂಸ್ಥೆಯ ಡ್ರೈಡನ್ ಮತ್ತು ಹಿಲ್. 1930ರ ಅವರ ವರದಿ ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಬರಹ. ಸುರಂಗದೊಳಗಿನ ಸಣ್ಣ ಮಾದರಿಗಳಷ್ಟೇ ಅಲ್ಲ, ಬಯಲಿನಲ್ಲಿ 10 ಅಡಿ ವ್ಯಾಸದ ಒಂದು ದುಂಡು ಕಂಬ ನಿಲ್ಲಿಸಿ, ತಮ್ಮದೇ ವಿದ್ಯುತ್ ಘಟಕದ ಚಿಮಣಿಯ ಮೇಲೂ ಒತ್ತಡ ಅಳೆದರು. ಅವರ ತೀರ್ಮಾನ: ಗಂಟೆಗೆ 100 ಮೈಲಿ ಗಾಳಿಗೆ ನೆರಳಿನ ವಿಸ್ತೀರ್ಣದ ಚದರ ಅಡಿಗೆ 20 ಪೌಂಡು ಹಿಡಿದರೆ ಸಾಕು, ಎತ್ತರ ವ್ಯಾಸದ ಹತ್ತು ಪಟ್ಟಿಗಿಂತ ಹೆಚ್ಚಿರದ ಚಿಮಣಿಗಳಿಗೆ. 100 ಮೈಲಿಗೆ ಚಲನ ಒತ್ತಡ 25.6 ಪೌಂಡು. 20 ಭಾಗಿಸು 25.6, ಅಂದ್ರೆ 0.78. ನಮ್ಮ 0.8ಕ್ಕೆ ಎಷ್ಟು ಹತ್ತಿರ ನೋಡಿ.

ಅವರು ಹಾಕಿದ ಷರತ್ತನ್ನೂ ಗಮನಿಸಿ. ಗಿಡ್ಡ ಚಿಮಣಿಯ ತುದಿಯ ಮೇಲಿಂದ ಗಾಳಿ ನುಸುಳಿ ಹಿಂಬದಿಯ ಹೀರುವಿಕೆಯನ್ನು ಕಡಿಮೆ ಮಾಡುತ್ತದೆ. ಉದ್ದನೆಯದಕ್ಕೆ ಆ ಅನುಕೂಲ ಇಲ್ಲ. ನಮ್ಮ ಇಟ್ಟಿಗೆ ಚಿಮಣಿ ಸರಾಸರಿ ವ್ಯಾಸದ ಹನ್ನೆರಡು ಪಟ್ಟು, ಸಿದ್ಧೇಶ್ವರದ್ದು ಹದಿನೈದು ಪಟ್ಟು. ಎರಡೂ ಅವರ ಗೆರೆಯ ಆಚೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ಪ್ರಶ್ನೆ: ನಾವು ಪ್ರಯೋಗಾಲಯದ ಗಾಳಿ ಸುರಂಗದಲ್ಲಿ 11 ಸೆಂಟಿಮೀಟರ್ ಪಿವಿಸಿ ಪೈಪ್ ಇಟ್ಟು ಅಳೆದಾಗ ಗುಣಾಂಕ 1.1 ಬಂತು. ಹಾಗಾದರೆ 0.8 ಕಡಿಮೆ ಆಯ್ತಲ್ಲ?)

ಒಳ್ಳೆಯ ಪ್ರಶ್ನೆ, ನಮಗೂ ಅದೇ ಬಂದಿತ್ತು. ನಿಮ್ಮ ಅಳತೆ ಸರಿಯಾಗಿಯೇ ಇದೆ, ಆದರೆ ಅದು ಪೈಪಿನ ಗುಣಾಂಕ, ಚಿಮಣಿಯದಲ್ಲ. ದುಂಡು ವಸ್ತುವಿನ ಗುಣಾಂಕ ಆಕಾರ ಒಂದರಿಂದಲೇ ನಿರ್ಧಾರ ಆಗುವುದಿಲ್ಲ, ವೇಗ ಗುಣಿಸು ವ್ಯಾಸ ಎಷ್ಟು ಅನ್ನುವುದರಿಂದಲೂ ಬದಲಾಗುತ್ತದೆ. ರೆನಾಲ್ಡ್ಸ್ ಸಂಖ್ಯೆ ಅಂತೀವಲ್ಲ, ಅದೇ. ಸುರಂಗದಲ್ಲಿ ಸೆಕೆಂಡಿಗೆ 12 ಮೀಟರ್ ಗಾಳಿ ಇದ್ದರೆ ನಿಮ್ಮ ಪೈಪಿಗೆ ಅದು ಸುಮಾರು 80 ಸಾವಿರ. ಬಿರುಗಾಳಿಯಲ್ಲಿ ಆ ದೊಡ್ಡ ಚಿಮಣಿಗೆ ಒಂದೂವರೆ ಕೋಟಿಗೂ ಮೇಲೆ. ಸಂಖ್ಯೆ ಸಣ್ಣದಿದ್ದಾಗ ಮೈಗಂಟಿದ ಗಾಳಿಯ ಪದರ ಪೈಪಿನ ಸೊಂಟಕ್ಕೆ ಬರುವಷ್ಟರಲ್ಲೇ ಬಿಟ್ಟು ಹೋಗುತ್ತದೆ, ಹಿಂದೆ ಅಗಲವಾದ ಸುಳಿಪಟ್ಟಿ ಉಳಿಯುತ್ತದೆ, ಎಳೆತ ಹೆಚ್ಚು. ಕೆಲವು ಲಕ್ಷ ದಾಟಿದ ಮೇಲೆ ಆ ಪದರವೇ ಕಲಕಿಕೊಂಡು ಮೈಗೆ ಇನ್ನೂ ಸ್ವಲ್ಪ ದೂರ ಅಂಟಿಕೊಳ್ಳುತ್ತದೆ, ಸುಳಿಪಟ್ಟಿ ಕಿರಿದಾಗುತ್ತದೆ, ಗುಣಾಂಕ 0.3ರ ಆಸುಪಾಸಿಗೆ ಇಳಿದುಬಿಡುತ್ತದೆ. ಐಫೆಲ್ ಗೋಪುರದ ಐಫೆಲ್ಲರೇ 1912ರಲ್ಲಿ ಗೋಳಗಳ ಮೇಲೆ ಈ ಇಳಿತ ಕಂಡವರು, 1914ರಲ್ಲಿ ಪ್ರಾಂಟ್ಲ್ ಕಾರಣ ತೋರಿಸಿದರು. ಇನ್ನೂ ಮೇಲೆ ಹೋದರೆ ಏನು ಅನ್ನುವುದನ್ನು 1961ರಲ್ಲಿ ರೋಷ್ಕೋ ಪ್ರಕಟಿಸಿದರು: ಗುಣಾಂಕ ಮತ್ತೆ ಏರಿ 0.7ರ ಹತ್ತಿರ ನಿಲ್ಲುತ್ತದೆ. ಚಿಮಣಿ ಇರುವುದು ಆ ಕೊನೆಯ ಭಾಗದಲ್ಲಿ. ಮೈ ಒರಟಿದ್ದರೆ ಇನ್ನಷ್ಟು ಏರುತ್ತದೆ. ಹಾಗಾಗಿ ಪೈಪಿನ 1.1 ಚಿಮಣಿಗೆ ಹೆಚ್ಚು. ಅದಕ್ಕಿಂತ ಅಪಾಯ ಏನಂದ್ರೆ, ಸ್ವಲ್ಪ ದೊಡ್ಡ ಪೈಪು, ಸ್ವಲ್ಪ ಜೋರು ಗಾಳಿ ಇಟ್ಟು ಆ 0.3ರ ಗುಂಡಿಯಲ್ಲಿ ಅಳತೆ ತೆಗೆದು ಅದನ್ನೇ ಚಿಮಣಿಗೆ ಹಚ್ಚುವುದು.

(ಪ್ರಶ್ನೆ: ಸೊಲ್ಲಾಪುರ ಎತ್ತರದ ಊರು, ಮೇ ತಿಂಗಳ ಬಿಸಿ ಗಾಳಿ ಹಗುರ. ಸಾಂದ್ರತೆ 1.2 ಯಾಕೆ ಹಿಡೀಬೇಕು?)

ಸರ್, ಲೆಕ್ಕ ಹಾಕಿ ನೋಡಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲೆ. 40 ಡಿಗ್ರಿ ಬಿಸಿಲಲ್ಲಿ ಸಾಂದ್ರತೆ 1.07ರ ಹತ್ತಿರ, ಬಲ ನೂರಕ್ಕೆ ಹತ್ತು ಹನ್ನೊಂದು ಕಡಿಮೆ. ಆದರೆ ಗುಡುಗಿನ ಮೋಡದಿಂದ ಇಳಿದು ಬರುವ ಬೀಸು ಬಿಸಿ ಗಾಳಿಯಲ್ಲ, ತಂಪು ಗಾಳಿ. ಮೊದಲ ಹನಿ ಬೀಳುವ ಮುಂಚೆ ಮೈಗೆ ಚಳಿ ತಾಗುತ್ತಲ್ಲ, ಅದು. ಉಷ್ಣತೆಯ ರಿಯಾಯತಿ ಅಲ್ಲಿಗೆ ಹೋಯ್ತು, ಎತ್ತರದ್ದು ಸ್ವಲ್ಪ ಉಳಿಯುತ್ತದೆ. ಮಾನಕ ಅದನ್ನೂ ಬಿಟ್ಟುಕೊಡುವುದಿಲ್ಲ. ವೇಗದಲ್ಲಿ ನೂರಕ್ಕೆ ಐದು ತಪ್ಪಿದರೆ ಒತ್ತಡದಲ್ಲಿ ಹತ್ತು ತಪ್ಪುತ್ತದೆ, ಹಾಗಾಗಿ ಅದನ್ನು ಹಾಗೇ ಇಟ್ಟುಕೊಳ್ಳುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

(ಪ್ರಶ್ನೆ: ಜೋರು ಗಾಳಿಗೆ ಅಲ್ಲ, ಸಾಧಾರಣ ಗಾಳಿಗೇ ಚಿಮಣಿ ಅಡ್ಡಡ್ಡ ತೂಗಾಡುತ್ತೆ ಅಂತಾರಲ್ಲ?)

ಹೌದು, ಅದು ಈ ಸೂತ್ರದ ಹೊರಗಿನ ಮಾತು. ಡ್ರ್ಯಾಗ್ ಬಲ ಗಾಳಿ ಹೋಗುವ ದಿಕ್ಕಿಗೆ. ಹಿಂದೆ ಬಿಡುವ ಸುಳಿಗಳು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕಳಚಿಕೊಳ್ಳುವುದರಿಂದ ಚಿಮಣಿ ಅದಕ್ಕೆ ಅಡ್ಡ ದಿಕ್ಕಿನಲ್ಲಿ ಅಲುಗುತ್ತದೆ. ಸುಳಿಯ ತಾಳವೂ ಚಿಮಣಿಯ ಸಹಜ ತಾಳವೂ ಕೂಡಿದರೆ ತೊಂದರೆ. ಮೇಲ್ಭಾಗದ ವ್ಯಾಸ 4.7 ಮೀಟರ್, ಚಿಮಣಿ ಸೆಕೆಂಡಿಗೆ 0.6 ಸಲ ತೂಗುತ್ತದೆ ಅಂತ ಹಿಡಿದರೆ, ಅವು ಕೂಡುವ ವೇಗ ಸೆಕೆಂಡಿಗೆ ಬರೀ 14 ಮೀಟರ್. ಅಂಥ ಗಾಳಿ ವರ್ಷಕ್ಕೆ ಎಷ್ಟೋ ಸಲ ಬರುತ್ತದೆ. ಉಕ್ಕಿನ ಚಿಮಣಿಗಳ ತಲೆಗೆ ಸುರುಳಿಯಂತೆ ಪಟ್ಟಿ ಸುತ್ತಿರುವುದನ್ನು ನೀವು ನೋಡಿರಬಹುದು, ಸುಳಿಗಳು ಒಟ್ಟಿಗೆ ಕಳಚದ ಹಾಗೆ ಒಡೆಯಲಿಕ್ಕೆ ಅದು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸ್ಕ್ರೂಟನ್ ಅವರ ಕೆಲಸ. ಆದರೆ ಆ ಪಟ್ಟಿ ಸುತ್ತಿದ ಭಾಗದ ಡ್ರ್ಯಾಗ್ ಗುಣಾಂಕ 1.2 ಅಥವಾ ಅದಕ್ಕೂ ಮೇಲೆ ಏರುತ್ತದೆ, ಮತ್ತು ಪಟ್ಟಿ ಸುತ್ತುವುದು ಮೇಲಿನ ಮೂರನೇ ಒಂದು ಭಾಗಕ್ಕೆ. ಬುಡದ ಮೊಮೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಡುವ ಭಾಗ ಅದೇ. ಅಲುಗಾಟದ ಲೆಕ್ಕವನ್ನು ಮುಂದಿನ ಸೋಮವಾರ ನನ್ನ ಗೆಳತಿ ಮಂಡಿಸುತ್ತಾಳೆ, ಅವಳ ಹತ್ತಿರ ಆ ಇಟ್ಟಿಗೆ ಚಿಮಣಿಯ ತುದಿಯ ಅಲುಗಾಟವನ್ನು ದೂರದಿಂದ ತೆಗೆದ ವಿಡಿಯೋ ಇದೆ.